ಎರಡು ಹಳದಿ ಮಾತ್ರೆಗಳ ಲೆಕ್ಕ

ನಮ್ಮ ಮನೆಯಲ್ಲಿ ಮಾತ್ರೆಗಳಿಗೆ ಹೆಸರಿಲ್ಲ. ಬಿಪಿದು ಬಿಳಿ, ಕ್ಯಾಲ್ಸಿಯಂದು ದೊಡ್ಡದು, ಅಜ್ಜಿಯ ಕೀಲು ನೋವಿನದು ಹಳದಿ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಸ್ಟ್ರಿಪ್ ಹಿಂದೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುವ ಹೆಸರನ್ನು ಎಪ್ಪತ್ತು ದಾಟಿದವರು ಓದುತ್ತಾರೆ ಅಂತ ಯಾರೂ ನಂಬುವುದಿಲ್ಲ. ಓದಿದರೂ ನೆನಪಿಟ್ಟುಕೊಳ್ಳುವ ಹೆಸರುಗಳೂ ಅಲ್ಲ ಅವು. ಹಾಗಾಗಿ ಬಣ್ಣ, ಗಾತ್ರ, ಸ್ಟ್ರಿಪ್ಪಿನ ಹೊಳಪು ಇವೇ ಗುರುತು. ಬಹುತೇಕ ದಿನ ಈ ಗುರುತು ಕೆಲಸ ಮಾಡುತ್ತದೆ. ನನ್ನ ಅಜ್ಜಿಗೂ ವರ್ಷಗಟ್ಟಲೆ ಮಾಡಿತ್ತು. ತೊಂದರೆ ಏನೆಂದರೆ ಅವಳ ಹತ್ತಿರ ಇದ್ದದ್ದು ಒಂದು ಹಳದಿ ಅಲ್ಲ, ಎರಡು. ಒಂದನ್ನು ವಾರದಲ್ಲಿ ಒಂದೇ ದಿನ ನುಂಗಬೇಕು. ಇನ್ನೊಂದನ್ನು ಉಳಿದ ದಿನ ನುಂಗಬೇಕು. ಅದಲು ಬದಲಾದರೆ ಜೀವಕ್ಕೇ ಕುತ್ತು.

ಅಜ್ಜಿಗೆ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಸವೆದು ಬರುವ ಮಂಡಿನೋವು ಇದಲ್ಲ. ದೇಹದ ರಕ್ಷಣಾ ಪಡೆ ತನ್ನದೇ ಕೀಲುಗಳ ಮೇಲೆ ಬೀಳುವ ಕಾಯಿಲೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಮುದ್ದೆ ಕಟ್ಟುವ ಕೈ, ಕಾಫಿ ಲೋಟ ಹಿಡಿಯಲೂ ಎರಡೂ ಅಂಗೈ ಸೇರಿಸಬೇಕಾಗಿತ್ತು. ತುಮಕೂರಿನ ಡಾಕ್ಟರು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಶುರು ಮಾಡಿದರು. ಎರಡು ತಿಂಗಳಿಗೆ ಊತ ಇಳಿಯಿತು, ಮತ್ತೆ ಕೋಲು ಹಿಡಿದು ಮುದ್ದೆ ತಿರುವಿದಳು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ಓದಿದವರು ಆ ಮಾತ್ರೆಯನ್ನೇ ಕೆಟ್ಟದ್ದು ಅಂದುಕೊಳ್ಳಬಾರದು. ಈ ಕಾಯಿಲೆಗೆ ಡಾಕ್ಟರುಗಳು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಇದಕ್ಕೇ.

ಡಾಕ್ಟರು ಬರೆದ ಲೆಕ್ಕ ಹೀಗಿತ್ತು. ಮೆಥೊಟ್ರೆಕ್ಸೇಟ್ 2.5 ಮಿಲಿಗ್ರಾಂ ಮಾತ್ರೆ ಮೂರು, ಒಟ್ಟಿಗೆ, ಶನಿವಾರ ಮಾತ್ರ. ಭಾನುವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಶನಿವಾರ ಯಾಕೆ ಅಂದರೆ ಅಜ್ಜಿ ಅವತ್ತು ಒಪ್ಪತ್ತು ಮಾಡುತ್ತಾಳೆ, ಆ ದಿನ ಮರೆಯುವುದಿಲ್ಲ. "ಯಾವ ದಿನ ಆದ್ರೂ ಸರಿ ಅಜ್ಜಿ, ಆದ್ರೆ ಒಂದೇ ದಿನ" ಅಂತ ಡಾಕ್ಟರು ಎರಡು ಸಲ ಹೇಳಿದ್ದರು. ಅಜ್ಜಿ ತನ್ನದೇ ಗುರುತು ಮಾಡಿಕೊಂಡಳು. ನೀಲಿ ಅಕ್ಷರದ ಸ್ಟ್ರಿಪ್ ಶನಿವಾರದ್ದು. ಹಸಿರು ಅಕ್ಷರದ್ದು ದಿನದ್ದು. ಮಾತ್ರೆ ಎರಡೂ ಹಳದಿ, ಎರಡೂ ಗುಂಡಗೆ, ಎರಡೂ ಸಣ್ಣವು.

ಅಂಗಡಿಯಲ್ಲಿ

ನಾನು ಊರಿಗೆ ಹೋಗಿದ್ದಾಗ ಅಜ್ಜಿ ಸ್ವಲ್ಪ ಸೊರಗಿದ್ದಳು. ಬಾಯಿ ತುಂಬ ಹುಣ್ಣು. ಸಾರು ಖಾರ ಅಂತ ಮಜ್ಜಿಗೆ ಅನ್ನ, ಅದೂ ನಾಲ್ಕು ತುತ್ತು. ನೀರು ಕುಡಿಯಲೂ ಉರಿ. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ: ಬಿಸಿಲು ಜಾಸ್ತಿ, ಉಷ್ಣ ಆಗಿದೆ, ಎಳನೀರು ಕೊಡಿ. ಅಮ್ಮ ನನ್ನ ಕೈಗೆ ಚೀಟಿ ಕೊಟ್ಟಳು. ಬಾಯಿಗೆ ಹಚ್ಚುವ ಜೆಲ್, ಬಿ ಕಾಂಪ್ಲೆಕ್ಸ್, ಜೊತೆಗೆ ಅಜ್ಜಿಯ ಹಳದಿ ಮಾತ್ರೆ ಎರಡು ಸ್ಟ್ರಿಪ್. ಗುರುತಿಗೆ ಅಂತ ಖಾಲಿಯಾದ ಸ್ಟ್ರಿಪ್ಪನ್ನೂ ಚೀಟಿಯಲ್ಲಿ ಸುತ್ತಿದ್ದಳು.

ಬಸ್ ಸ್ಟ್ಯಾಂಡ್ ಹತ್ತಿರದ ಆ ಮೆಡಿಕಲ್ ಶಾಪಿಗೆ ನಮ್ಮ ಮನೆಯವರು ಹೋಗಲು ಶುರು ಮಾಡಿ ಬಹಳ ವರ್ಷ. ಫಾರ್ಮಸಿಸ್ಟ್ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಅವರು ಜೆಲ್ ತೆಗೆದು ಕೌಂಟರಿನ ಮೇಲಿಟ್ಟರು. ಬಿ ಕಾಂಪ್ಲೆಕ್ಸ್ ಇಟ್ಟರು. ಖಾಲಿ ಸ್ಟ್ರಿಪ್ ಕೈಗೆ ತೆಗೆದುಕೊಂಡು ತಿರುಗಿಸಿ ಓದಿದರು. ಆಮೇಲೆ ಮಾತ್ರೆ ತರಲು ಹೋಗಲಿಲ್ಲ. ಜೆಲ್ಲಿನ ಟ್ಯೂಬ್ ಕಡೆ ಒಮ್ಮೆ, ಸ್ಟ್ರಿಪ್ ಕಡೆ ಒಮ್ಮೆ ನೋಡಿದರು.

"ಬಾಯಿ ಹುಣ್ಣು ಯಾರಿಗಮ್ಮ?"

"ಅಜ್ಜಿಗೆ."

"ಈ ಮಾತ್ರೆನೂ ಅವರದೇ ಅಲ್ವಾ?"

ಹೌದು ಅಂದೆ. ಕಂಪ್ಯೂಟರಿನಲ್ಲಿ ಹಳೆಯ ಬಿಲ್ ಹುಡುಕಿದರು. ಹಿಂದಿನ ಸಲ ಅಪ್ಪ ತೆಗೆದುಕೊಂಡು ಹೋಗಿದ್ದು ಒಂದು ಶನಿವಾರ ಸಂಜೆ. ಮೆಥೊಟ್ರೆಕ್ಸೇಟ್ ಎರಡು ಸ್ಟ್ರಿಪ್, ಅಂದರೆ ಇಪ್ಪತ್ತು. ಫೋಲಿಕ್ ಆಸಿಡ್ ಮೂರು ಸ್ಟ್ರಿಪ್, ಮೂವತ್ತು. ಆವತ್ತಿನ ಡೋಸ್ ಹಳೆಯ ಸ್ಟ್ರಿಪ್ಪಿನಲ್ಲಿ ಆಗಿತ್ತು. ಹೊಸದು ಶುರುವಾಗಿದ್ದು ಮಾರನೆಯ ದಿನ. ನಾನು ಅಂಗಡಿಗೆ ಹೋದದ್ದು ಮಂಗಳವಾರ, ಮೂರು ವಾರ ಕಳೆದು ಎರಡು ದಿನಕ್ಕೆ.

"ಇದು ವಾರಕ್ಕೆ ಮೂರು. ಇಪ್ಪತ್ತು ಮಾತ್ರೆ ಆರು ವಾರ ಬಂದು ಇನ್ನೂ ಎರಡು ಉಳೀಬೇಕು. ಮೂರು ವಾರಕ್ಕೆ ಹೇಗೆ ಖಾಲಿ ಆಯ್ತು?" ಅಂತ ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಮನೆಗೆ ಫೋನ್ ಮಾಡಮ್ಮ. ಇನ್ನೊಂದು ಹಳದಿ ಮಾತ್ರೆ ಇರುತ್ತಲ್ಲ, ಅದು ಎಷ್ಟು ಉಳಿದಿದೆ ಎಣಿಸೋಕೆ ಹೇಳು. ಅಂದಾಜು ಬೇಡ, ಎಣಿಸ್ಲಿ" ಅಂದರು.

ಅಮ್ಮ ಎಣಿಸಿದಳು. ಎರಡು ಸ್ಟ್ರಿಪ್ ಪೂರ್ತಿ ಇವೆ, ಇನ್ನೊಂದರಲ್ಲಿ ಒಂದೇ ಒಂದು ಇದೆ ಅಂದಳು. ಇಪ್ಪತ್ತೊಂದು. ಅಂದರೆ ಹೋಗಿದ್ದು ಒಂಬತ್ತು. ಅವರು ಹಳೆಯ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ಮೂರು ಶನಿವಾರ, ಮೂರು ಮೂರರಂತೆ ಒಂಬತ್ತು. ಅದು ಫೋಲಿಕ್ ಆಸಿಡ್. ಮೂರು ವಾರ, ವಾರಕ್ಕೆ ಆರು ದಿನ, ಹದಿನೆಂಟು. ಅದರ ಮೇಲೆ ಭಾನುವಾರ ಒಂದು, ಸೋಮವಾರ ಒಂದು. ಇಪ್ಪತ್ತು. ಅದು ಮೆಥೊಟ್ರೆಕ್ಸೇಟ್. ಒಂದು ಮಾತ್ರೆಯ ವ್ಯತ್ಯಾಸವೂ ಇಲ್ಲದೆ ಎರಡೂ ತಾಳೆಯಾದವು. ಅಜ್ಜಿ ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ಅಷ್ಟು ಶಿಸ್ತಾಗಿ ನುಂಗಿದ್ದಳು, ಅದಲು ಬದಲಾಗಿ.

ಅಂಗಡಿಯಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ಅವರು ಸಹಾಯಕ ಹುಡುಗನಿಗೆ ಕೌಂಟರ್ ನೋಡಿಕೊಳ್ಳಲು ಹೇಳಿ ನನ್ನನ್ನು ಪಕ್ಕಕ್ಕೆ ಕರೆದರು. ಜ್ವರ ಇದೆಯಾ? ಭೇದಿ ಆಗ್ತಿದೆಯಾ? ಮೈ ಮೇಲೆ ಎಲ್ಲಾದರೂ ನೀಲಿ ಕಲೆ ಬಿದ್ದಿದೆಯಾ? ಒಸಡಲ್ಲಿ ರಕ್ತ? ಮೂತ್ರ ಸರಿಯಾಗಿ ಹೋಗ್ತಿದೆಯಾ? ನೋವಿಗೆ ಅಂತ ಬೇರೆ ಏನಾದರೂ ನುಂಗ್ತಿದ್ದಾರಾ? ನಾನು ಫೋನ್ ಕಿವಿಗಿಟ್ಟುಕೊಂಡೇ ಅಮ್ಮನನ್ನು ಒಂದೊಂದೇ ಕೇಳಿದೆ. ಜ್ವರ ಇಲ್ಲ. ಎರಡು ದಿನದಿಂದ ಸ್ವಲ್ಪ ಭೇದಿ. ಮುಂಗೈ ಮೇಲೆ ಎಲ್ಲೋ ತಗುಲಿದ ಹಾಗೆ ಒಂದು ಕಲೆ. ಮಂಡಿ ಜಾಸ್ತಿ ನೋವಾದ ದಿನ ಒಂದು ಡೈಕ್ಲೋಫೆನಾಕ್.

"ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾಳೆ ಅನ್ನಬೇಡಿ. ಖಾಲಿ ಸ್ಟ್ರಿಪ್ ಎರಡೂ ತಗೊಂಡು ಹೋಗಿ, ಹೆಸರು ಬಾಯಲ್ಲಿ ಹೇಳೋದು ಬೇಡ, ತೋರಿಸಿ. 'ಮೆಥೊಟ್ರೆಕ್ಸೇಟ್ ದಿನಾ ತಗೊಂಡಿದ್ದಾರೆ, ಇಪ್ಪತ್ತಮೂರು ದಿನದಲ್ಲಿ ಇಪ್ಪತ್ತು' ಅಂತ ಮೊದಲನೇ ಮಾತೇ ಇದನ್ನ ಹೇಳಿ" ಅಂದರು. ಅದನ್ನೇ ಬಿಲ್ಲಿನ ಹಿಂದೆ ಇಂಗ್ಲಿಷಿನಲ್ಲಿ ಬರೆದೂ ಕೊಟ್ಟರು. ಜೆಲ್ ವಾಪಸ್ ತೆಗೆದಿಟ್ಟರು.

ನಾನು ಕೇಳಿದ ಒಂದು ಪ್ರಶ್ನೆ ನೆನಪಿದೆ. ಮನೆಯಲ್ಲಿ ಇಪ್ಪತ್ತೊಂದು ಫೋಲಿಕ್ ಆಸಿಡ್ ಉಳಿದಿದೆಯಲ್ಲ, ಅದನ್ನು ಈಗಲೇ ಜಾಸ್ತಿ ಕೊಟ್ಟರೆ ಸರಿ ಹೋಗಲ್ವಾ? "ಆಗಲ್ಲಮ್ಮ. ಈಗ ಅದು ಸಾಕಾಗಲ್ಲ. ಇದಕ್ಕೆ ಬೇರೆ ಇಂಜೆಕ್ಷನ್ ಇದೆ" ಅಂದರು.

ಯಾಕೆ ಸಾಕಾಗಲ್ಲ

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಆಮೇಲೆ ಬೆಂಗಳೂರಿಗೆ ವಾಪಸ್ ಬಂದ ಮೇಲೂ ಓದಿದೆ. ಓದುತ್ತಾ ಹೋದ ಹಾಗೆ ಅಜ್ಜಿಗೆ ಆದ ಗೊಂದಲ ಕಣ್ಣಿನ ಗೊಂದಲ ಮಾತ್ರ ಅಲ್ಲ ಅನ್ನಿಸಿತು.

ನಮ್ಮ ಮೈಯಲ್ಲಿ ಹೊಸ ಜೀವಕೋಶ ಹುಟ್ಟಬೇಕಾದರೆ ಫೋಲಿಕ್ ಆಸಿಡ್ ಬೇಕು. ಸೊಪ್ಪು ಕಾಳಿನಲ್ಲಿ ಸಿಗುವ ಇದೇ ಬಳಗದ ವಿಟಮಿನ್. ಆದರೆ ಅದು ಹಾಗೇ ಕೆಲಸಕ್ಕೆ ಬರುವುದಿಲ್ಲ. ದೇಹದ ಒಂದು ಕಿಣ್ವ ಅದನ್ನು ಬದಲಾಯಿಸಿ, ಬಳಸಲು ಬರುವ ರೂಪಕ್ಕೆ ತರಬೇಕು. ಮೆಥೊಟ್ರೆಕ್ಸೇಟ್ ಅನ್ನು ರಸಾಯನಶಾಸ್ತ್ರಜ್ಞರು ಬೇಕೆಂದೇ ಫೋಲಿಕ್ ಆಸಿಡ್ಡಿನ ಹಾಗೆ ಕಾಣುವಂತೆ ಮಾಡಿದ್ದಾರೆ. ಎರಡರ ಅಣುವಿನ ಕಟ್ಟೂ ಹೆಚ್ಚುಕಡಿಮೆ ಒಂದೇ, ಅಲ್ಲಲ್ಲಿ ಸಣ್ಣ ಬದಲಾವಣೆ ಅಷ್ಟೇ. ಆ ಕಿಣ್ವ ಇದನ್ನು ಫೋಲಿಕ್ ಆಸಿಡ್ ಅಂದುಕೊಂಡು ಹಿಡಿಯುತ್ತದೆ, ಬಿಡಲಾಗದೆ ಸಿಕ್ಕಿಬೀಳುತ್ತದೆ. ಅಲ್ಲಿಗೆ ಹೊಸ ಜೀವಕೋಶ ಹುಟ್ಟುವ ಕೆಲಸ ನಿಲ್ಲುತ್ತದೆ. ಕ್ಯಾನ್ಸರಿಗೆ ದೊಡ್ಡ ಡೋಸಿನಲ್ಲಿ ಇದನ್ನು ಕೊಡುವುದು ಇದೇ ಕಾರಣಕ್ಕೆ. ಕೀಲು ಕಾಯಿಲೆಗೆ ಕೊಡುವ ಸಣ್ಣ ಡೋಸ್ ದಾರಿ ತಪ್ಪಿದ ರಕ್ಷಣಾ ಪಡೆಯನ್ನು ತಣ್ಣಗೆ ಮಾಡುತ್ತದೆ.

ಅಣುವಿನ ಈ ಹೋಲಿಕೆಯಿಂದಲೇ ಎರಡೂ ಪುಡಿಗಳ ಬಣ್ಣ ಹಳದಿ. ಮಾತ್ರೆಗಳು ಸಾಮಾನ್ಯವಾಗಿ ಒಂದೇ ಥರ ಕಾಣುವುದರ ಹಿಂದೆ ಯಾರದೋ ಬೇಜವಾಬ್ದಾರಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಬಣ್ಣ ಬಂದಿದ್ದು ಅವುಗಳ ಹುಟ್ಟಿನಿಂದ. ಕಿಣ್ವವನ್ನು ಏಮಾರಿಸಿದ ಹೋಲಿಕೆಯೇ ಅಜ್ಜಿಯನ್ನೂ ಏಮಾರಿಸಿತು.

ಈ ಎರಡರ ಚರಿತ್ರೆಯೂ ನಮ್ಮ ದೇಶಕ್ಕೆ ಅಂಟಿಕೊಂಡಿದೆ. ಬೊಂಬಾಯಿಯ ಬಟ್ಟೆ ಗಿರಣಿಯ ಬಡ ಬಸುರಿಯರಿಗೆ ಬರುತ್ತಿದ್ದ ತೀವ್ರ ರಕ್ತಹೀನತೆಗೆ ಯೀಸ್ಟ್ ಸಾರದಲ್ಲಿ ಮದ್ದಿದೆ ಅಂತ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1931ರಲ್ಲಿ ಬರೆದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಸಿಡ್ ಅಂತ ಗೊತ್ತಾಯಿತು. 1940ರ ದಶಕದಲ್ಲಿ ಅದನ್ನು ಅಮೆರಿಕದ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ತಂಡ ಫೋಲಿಕ್ ಆಸಿಡ್ಡಿಗೆ ಎದುರಾಳಿಯಾದ ಅಣುಗಳನ್ನೂ ಮಾಡಿತು. ಅಂಥ ಒಂದು ಅಣು ಕೊಟ್ಟು ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲ ಹಿಂದೆ ಸರಿದದ್ದನ್ನು ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಮೆಥೊಟ್ರೆಕ್ಸೇಟ್ ಅದರ ತಂಗಿ. ಅಜ್ಜಿಯ ಡಬ್ಬಿಯಲ್ಲಿ ಅಕ್ಕಪಕ್ಕ ಇದ್ದ ಎರಡು ಸ್ಟ್ರಿಪ್‌ಗಳ ಮೂಲ ಒಂದೇ ಪ್ರಯೋಗಾಲಯ ಅಂತ ತಿಳಿದಾಗ ನಾನು ಓದುವುದನ್ನು ನಿಲ್ಲಿಸಿ ಸುಮ್ನೆ ಕೂತಿದ್ದೆ.

ಈಗ ಫಾರ್ಮಸಿಸ್ಟ್ ಹೇಳಿದ ಮಾತಿಗೆ ಬರೋಣ. ಕಿಣ್ವವೇ ಸಿಕ್ಕಿಬಿದ್ದಿರುವಾಗ ಫೋಲಿಕ್ ಆಸಿಡ್ ಎಷ್ಟು ಸುರಿದರೂ ಅದನ್ನು ಬದಲಾಯಿಸುವವರು ಇಲ್ಲ. ಅದಕ್ಕೆ ಆಸ್ಪತ್ರೆಯಲ್ಲಿ ಫೋಲಿನಿಕ್ ಆಸಿಡ್ ಕೊಡುತ್ತಾರೆ. ಅದು ಆ ಹಂತವನ್ನು ಆಗಲೇ ದಾಟಿದ ರೂಪ. ಕಿಣ್ವದ ಹಂಗಿಲ್ಲದೆ ಜೀವಕೋಶಕ್ಕೆ ಕೆಲಸಕ್ಕೆ ಬರುತ್ತದೆ. ಹೆಸರಿನಲ್ಲಿ ವ್ಯತ್ಯಾಸ ಒಂದೇ ಅಕ್ಷರದ್ದು. ಬಾಯಲ್ಲಿ ಹೇಳಬೇಡಿ, ಸ್ಟ್ರಿಪ್ ತೋರಿಸಿ ಅಂತ ಅವರು ಯಾಕೆ ಒತ್ತಿ ಹೇಳಿದರು ಅನ್ನುವುದು ಇಲ್ಲಿ ಅರ್ಥವಾಯಿತು.

ಎರಡರಷ್ಟು ಅಷ್ಟೇ ಅಲ್ಲ

ನಮ್ಮ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಒಂದು ಲೆಕ್ಕ ಹಾಕಿದರು. ವಾರಕ್ಕೆ ಏಳೂವರೆ ಮಿಲಿಗ್ರಾಂ ಹೋಗಬೇಕಿತ್ತು, ಹದಿನೈದು ಹೋಗಿದೆ. ಎರಡರಷ್ಟು. ವಾರಕ್ಕೆ ಹದಿನೈದು ತಗೊಳ್ಳೋರು ಎಷ್ಟೋ ಜನ ಇದ್ದಾರಲ್ಲ, ಅವರಿಗೇನೂ ಆಗಲ್ವಲ್ಲ? ಪ್ರಶ್ನೆ ಸರಿಯೇ. ಉತ್ತರ ಇರುವುದು ಪ್ರಮಾಣದಲ್ಲಲ್ಲ, ಬಿಡುವಿನಲ್ಲಿ. ಹದಿನೈದೂ ಒಂದೇ ದಿನ ಹೋದರೆ, ರಕ್ತದಲ್ಲಿರುವ ಔಷಧಿಯ ಬಹುಪಾಲನ್ನು ಮೂತ್ರಪಿಂಡ ಒಂದೆರಡು ದಿನದಲ್ಲಿ ಹೊರಗೆ ಹಾಕುತ್ತದೆ. ಉಳಿದ ದಿನಗಳಲ್ಲಿ ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ ಇವೆಲ್ಲ ಚೇತರಿಸಿಕೊಳ್ಳುತ್ತವೆ. ಇವೇ ಯಾವಾಗಲೂ ಹೊಸ ಜೀವಕೋಶ ಹುಟ್ಟಿಸುತ್ತಲೇ ಇರುವ ಜಾಗಗಳು. ದಿನಾ ಒಂದೊಂದು ಹೋದರೆ ಆ ಬಿಡುವೇ ಸಿಗುವುದಿಲ್ಲ. ಮೊದಲು ಕಾಣುವುದು ಬಾಯಲ್ಲಿ. ಅದೇ ಹೊತ್ತಿಗೆ ಕಣ್ಣಿಗೆ ಕಾಣದ ಹಾಗೆ ಮಜ್ಜೆಯಲ್ಲೂ ಕೆಲಸ ಕುಂಠಿತವಾಗಿರುತ್ತದೆ. ಬಿಳಿ ರಕ್ತಕಣ ಇಳಿದರೆ ಸೋಂಕಿನ ಭಯ, ಪ್ಲೇಟ್‌ಲೆಟ್ ಇಳಿದರೆ ರಕ್ತಸ್ರಾವದ ಭಯ. ಫಾರ್ಮಸಿಸ್ಟ್ ಜ್ವರ ಮತ್ತು ನೀಲಿ ಕಲೆ ಕೇಳಿದ್ದು ಇದಕ್ಕೇ.

ಅಜ್ಜಿಯ ವಿಷಯದಲ್ಲಿ ಇನ್ನೊಂದು ಸುತ್ತೂ ಶುರುವಾಗಿತ್ತು. ಹುಣ್ಣಿನಿಂದ ನೀರು ಕುಡಿಯುವುದು ಕಡಿಮೆ, ಮೇಲೆ ಭೇದಿ. ಮೈಯಲ್ಲಿ ನೀರು ಕಡಿಮೆ ಆದರೆ ಮೂತ್ರಪಿಂಡ ನಿಧಾನ. ಡೈಕ್ಲೋಫೆನಾಕ್ ಅದನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಔಷಧಿ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ, ಹುಣ್ಣು ಜಾಸ್ತಿಯಾಗುತ್ತದೆ, ನೀರು ಇನ್ನೂ ಕಡಿಮೆಯಾಗುತ್ತದೆ.

ರಕ್ತದ ವರದಿ ಬಂದಾಗ ಬಿಳಿ ಕಣ 2,400 ಇತ್ತು. ಕನಿಷ್ಠ 4,000 ಇರಬೇಕು. ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲೆ ಇರಬೇಕಾದ್ದು 90,000ಕ್ಕೆ ಇಳಿದಿತ್ತು. ಮೂತ್ರಪಿಂಡ ಸೋತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಡ್ರಿಪ್ ಹಾಕಿದರು, ಆರು ಗಂಟೆಗೊಮ್ಮೆ ಫೋಲಿನಿಕ್ ಆಸಿಡ್ ಇಂಜೆಕ್ಷನ್, ದಿನಾ ರಕ್ತ ಪರೀಕ್ಷೆ. ಎಣಿಕೆ ಇನ್ನೂ ಸ್ವಲ್ಪ ಇಳಿದು, ನಿಂತು, ಆಮೇಲೆ ಏರಿತು. ಔಷಧಿ ನಿಲ್ಲಿಸಿದ ಮೇಲೂ ಕೆಲವು ದಿನ ಇಳಿಯಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹೇಳಿರದಿದ್ದರೆ ನಾವು ಹೆದರಿ ಸಾಯುತ್ತಿದ್ದೆವು. ಇನ್ನೊಂದು ಶನಿವಾರದವರೆಗೆ ಬಾಯಿಗೆ ಜೆಲ್ ಹಚ್ಚಿಕೊಂಡು, ಹೊಸ ಸ್ಟ್ರಿಪ್ಪಿನಿಂದ ದಿನಾ ಒಂದು ನುಂಗಿದ್ದರೆ ಏನಾಗುತ್ತಿತ್ತು ಅಂತ ನಾನು ಡಾಕ್ಟರನ್ನು ಕೇಳಿದೆ. ಅವರು ನೇರವಾಗಿಯೇ ಹೇಳಿದರು, ಇದರಲ್ಲಿ ಜನ ತೀರಿಕೊಂಡಿದ್ದಾರೆ ಅಂತ.

ನೀಲಿ ಅಕ್ಷರ, ಹಸಿರು ಅಕ್ಷರ

ಅದಲು ಬದಲಾಗಿದ್ದು ಹೇಗೆ? ಮನೆಯಲ್ಲಿ ಮೊದಲ ಮಾತು "ಅಜ್ಜಿಗೆ ಮರೆವು ಶುರುವಾಗಿದೆ" ಅಂತ. ನನಗೆ ಆ ಮಾತು ಆಗಲೂ ಒಪ್ಪಿಗೆಯಾಗಲಿಲ್ಲ. ಮರೆವು ಇರುವವರ ಲೆಕ್ಕ ಹಾಗೆ ಒಂದೂ ತಪ್ಪದೆ ತಾಳೆಯಾಗುವುದಿಲ್ಲ.

ಸ್ಟ್ರಿಪ್ ನೋಡಿದಾಗ ಗೊತ್ತಾಯಿತು. ಆ ತಿಂಗಳು ಎರಡೂ ಮಾತ್ರೆಗಳ ಕಂಪನಿ ಬದಲಾಗಿತ್ತು. ಮಾಮೂಲಿನ ಮೆಥೊಟ್ರೆಕ್ಸೇಟ್ ಸ್ಟಾಕ್ ಇರಲಿಲ್ಲ. ಬೇರೆ ಕಂಪನಿಯದು ಕೊಟ್ಟಿದ್ದರು. ಅದರ ಮೇಲೆ ಹಸಿರು ಅಕ್ಷರ. ಫೋಲಿಕ್ ಆಸಿಡ್ ಕೂಡ ಹೊಸದು, ಅದರ ಮೇಲೆ ನೀಲಿ. ಅಜ್ಜಿಯ ಗುರುತಿನ ಪ್ರಕಾರ ಹಸಿರು ದಿನದ್ದು, ನೀಲಿ ಶನಿವಾರದ್ದು. ಅವಳು ತನ್ನ ನಿಯಮವನ್ನು ಒಂದಿಷ್ಟೂ ಮುರಿದಿರಲಿಲ್ಲ. ಅವಳ ಕೈಗೆ ಬರುವ ಮೊದಲೇ ಗುರುತು ಬದಲಾಗಿತ್ತು, ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. "ಅದೇ ಮಾತ್ರೆ, ಕಂಪನಿ ಬೇರೆ ಅಷ್ಟೇ" ಅಂತ ಅಂಗಡಿಯ ಹುಡುಗ ಅಪ್ಪನಿಗೆ ಹೇಳಿದ್ದ. ಔಷಧಿಯ ಮಟ್ಟಿಗೆ ಅದು ನಿಜವೇ.

ಇದನ್ನು ಫಾರ್ಮಸಿಸ್ಟ್‌ಗೆ ಹೇಳಿದೆ. ಅವರು ತಮ್ಮ ಅಂಗಡಿಯ ಪಾಲನ್ನು ತಳ್ಳಿ ಹಾಕಲಿಲ್ಲ. "ಕಂಪನಿ ಬದಲಾದಾಗ ಎರಡೂ ಸ್ಟ್ರಿಪ್ ಎದುರಿಗಿಟ್ಟು ತೋರಿಸಬೇಕಿತ್ತು. ಅದು ನಮ್ಮದೇ ಕೆಲಸ" ಅಂದರು. ಆಮೇಲೆ ಅವರು ಅಂಗಡಿಯಲ್ಲಿ ಮಾಡಿದ ಬದಲಾವಣೆ ನಾನೇ ಕಂಡಿದ್ದೇನೆ. ಮೆಥೊಟ್ರೆಕ್ಸೇಟ್ ಯಾರಿಗೇ ಕೊಟ್ಟರೂ ನಾಲ್ಕು ವಾರಕ್ಕೆ ಆಗುವಷ್ಟೇ. ಬೇರೆ ಬೇರೆ ಶಕ್ತಿಯ ಮಾತ್ರೆ ಒಂದೇ ಮನೆಗೆ ಹೋಗಬಾರದು ಅಂತ, ಒಂದು ಮನೆಗೆ 2.5 ಕೊಟ್ಟಿದ್ದರೆ 2.5 ಮಾತ್ರ. ಯಾಕೆಂದರೆ 10 ಮಿಲಿಗ್ರಾಮಿನದೂ ಸಿಗುತ್ತದೆ. ಅದನ್ನು ಮೂರು ನುಂಗಿದರೆ ಕಥೆಯೇ ಬೇರೆ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರಿರುವ ತುಂಡು ರೋಗಿಯ ಕೈಗೇ ಹೋಗುವ ಹಾಗೆ ನೋಡಿಕೊಳ್ಳುತ್ತಾರೆ. ಅದನ್ನು ಕಾಗದದ ಲಕೋಟೆಗೆ ಹಾಕಿ, ಮೇಲೆ ಕಪ್ಪು ಮಾರ್ಕರಿನಲ್ಲಿ ಕನ್ನಡದಲ್ಲಿ ದೊಡ್ಡದಾಗಿ ವಾರದ ಹೆಸರು ಬರೆಯುತ್ತಾರೆ. "ಶನಿವಾರ ಮಾತ್ರ." ವಾರಕ್ಕೊಮ್ಮೆ ಅಂತ ಬರೆದರೆ ಜನಕ್ಕೆ ಯಾವ ದಿನ ಅನ್ನುವುದು ಜಾರಿ ಹೋಗುತ್ತದೆ, ದಿನದ ಹೆಸರೇ ಬೇಕು ಅನ್ನುತ್ತಾರೆ.

ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಜೆಲ್ಲಿನ ಟ್ಯೂಬ್. ಬಾಯಿ ಹುಣ್ಣಿನ ಜೆಲ್ ದಿನಕ್ಕೆ ಎಷ್ಟು ಜನ ಕೇಳುತ್ತಾರೋ. ಮಾತ್ರೆ ಮುಗೀತು ಅಂತ ಎಷ್ಟು ಜನ ಬರುತ್ತಾರೋ. ಒಂದೊಂದೇ ಬಂದರೆ ಎರಡೂ ಮಾಮೂಲಿ. ಜೆಲ್ ಅನ್ನು ಮೂಲೆಯ ಕಿರಾಣಿ ಅಂಗಡಿಯಲ್ಲಿ, ಮಾತ್ರೆಯನ್ನು ಆನ್‌ಲೈನಿನಲ್ಲಿ ತರಿಸಿದ್ದರೆ ಇವೆರಡೂ ಒಬ್ಬರ ಕಣ್ಣಿನ ಮುಂದೆ ಒಟ್ಟಿಗೆ ಬೀಳುತ್ತಲೇ ಇರಲಿಲ್ಲ. ನಮ್ಮ ಮನೆಯಲ್ಲೇ ನಾಲ್ಕು ಜನ ಇದ್ದೆವು. ಹುಣ್ಣೂ ಗೊತ್ತಿತ್ತು, ಮಾತ್ರೆ ಮುಗಿದದ್ದೂ ಗೊತ್ತಿತ್ತು. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದದ್ದೂ ನಾವೇ. ಅವುಗಳ ನಡುವಿನ ಸಂಬಂಧ ಕಾಣಲು, ಆ ಔಷಧಿ ಮೊದಲು ಎಲ್ಲಿ ಗಾಯ ಮಾಡುತ್ತದೆ ಅಂತ ಗೊತ್ತಿರುವವರು ಬೇಕಾಯಿತು. ಜೊತೆಗೆ ಇಪ್ಪತ್ತನ್ನು ಮೂರರಿಂದ ಭಾಗಿಸುವಷ್ಟು ಪುರುಸೊತ್ತು ಮಾಡಿಕೊಳ್ಳುವವರು.

ಅಜ್ಜಿಯ ಎಣಿಕೆ ಸರಿಯಾದ ಮೇಲೂ ಡಾಕ್ಟರು ಮೆಥೊಟ್ರೆಕ್ಸೇಟ್ ಮತ್ತೆ ಕೊಡಲಿಲ್ಲ. ಮೂತ್ರಪಿಂಡ ಮೊದಲಿನಷ್ಟು ಗಟ್ಟಿ ಇಲ್ಲ ಅಂತ. ಬದಲಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದರು. ಅದಕ್ಕೆ ನಿಯಮಿತವಾಗಿ ಕಣ್ಣಿನ ಪರೀಕ್ಷೆ ಬೇಕು, ನೋವು ಇಳಿಸುವುದೂ ನಿಧಾನ. ಬೆರಳ ಊತ ಸ್ವಲ್ಪ ಮರಳಿದೆ. ಮುದ್ದೆ ಈಗ ಅಮ್ಮ ಕಟ್ಟುತ್ತಾಳೆ.

ಹೊಸ ಚೀಟಿ ತೆಗೆದುಕೊಂಡು ಹೋದಾಗ ಅಜ್ಜಿಯೂ ಜೊತೆಗೆ ಬಂದಿದ್ದಳು. ಫಾರ್ಮಸಿಸ್ಟ್ ಚೀಟಿ ಓದಿ, ಮಾತ್ರೆ ತೆಗೆಯುವ ಮೊದಲು, "ಅಜ್ಜಿ, ನಿಮ್ಮ ಬಿಪಿ ಮಾತ್ರೆ ತಂದಿದ್ದೀರಾ?" ಅಂದರು. ಅವಳು ಸೊಂಟದ ಚೀಲದಿಂದ ತೆಗೆದು ಕೊಟ್ಟಳು. ಅವರು ಹೊಸ ಸ್ಟ್ರಿಪ್ಪನ್ನು ಅದರ ಪಕ್ಕ ಗಾಜಿನ ಮೇಲಿಟ್ಟರು. ಎರಡೂ ಬಿಳಿ, ಎರಡೂ ಗುಂಡಗೆ. ಸ್ವಲ್ಪ ಹೊತ್ತು ನೋಡಿ ಹೊಸದನ್ನು ವಾಪಸ್ ಡ್ರಾಯರಿಗೆ ಹಾಕಿದರು.

"ಇದು ಬೇಡ. ಇನ್ನೊಂದು ಕಂಪನಿದು ಉದ್ದಕ್ಕಿರುತ್ತೆ, ತರಿಸ್ತೀನಿ. ಎರಡು ದಿನ ಆಗುತ್ತೆ, ಪರವಾಗಿಲ್ವಾ?"

"ತರಿಸಪ್ಪ," ಅಂದಳು ಅಜ್ಜಿ. "ಬಂದ ಮೇಲೆ ಎರಡನ್ನೂ ನನ್ನ ಕೈಗೇ ಕೊಡು. ನಾನೇ ಮುಟ್ಟಿ ನೋಡ್ತೀನಿ."